ಹುಣಸೆಹಣ್ಣಿನ ಪೊಟ್ಟಣಕ್ಕೆ ನಾಲ್ಕು ಪುಟ

(ವಿನ್ಯಾಸ ಮತ್ತು ಬರವಣಿಗೆಯಲ್ಲಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರೆದುರು ತುಮಕೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಇದೇ ಊರಿನ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಮಾಡುತ್ತಾ ಕೆಲಸ ಕಲಿತವನು. ಆಮೇಲೆ ಬೆಂಗಳೂರಿನ ವಿನ್ಯಾಸ ಕಚೇರಿಯೊಂದರಲ್ಲಿ ಹಲವು ವರ್ಷ ಇದ್ದೆ. ಅಲ್ಲಿ ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವರ ಪೋರ್ಟ್‌ಫೋಲಿಯೊ ನೋಡುವ ಹೊಣೆ ನನ್ನ ಮೇಲಿತ್ತು. ಪೋರ್ಟ್‌ಫೋಲಿಯೊ ಕುರಿತು ಹೇಳಬೇಕಾದ್ದು ಬಹಳವಿದೆ, ಆದರೆ ಇಂದು ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ಒಂದೇ ಒಂದು ಕೆಲಸವನ್ನು ಮಾದರಿಯಾಗಿ ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮ ಮುಂದಿಡುತ್ತೇನೆ. ಹಾಗೆ ಒಂದನ್ನು ಸರಿಯಾಗಿ ಮಾಡಲು ಕಲಿತವರು ಉಳಿದ ಮೂರು ನಾಲ್ಕನ್ನು ತಾವೇ ಮಾಡಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಯವಳೇ ಆದ ಒಬ್ಬ ಹುಡುಗಿ, ಗುಬ್ಬಿ ತಾಲ್ಲೂಕಿನವಳು, ತನ್ನ ಪೋರ್ಟ್‌ಫೋಲಿಯೊ ನೋಡಿ ಅಭಿಪ್ರಾಯ ಹೇಳಬೇಕೆಂದು ಕೇಳಿದ್ದಳು. ಅದು 46 ಪುಟಗಳ, 38 ಎಂಬಿ ತೂಕದ ಪಿಡಿಎಫ್. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಕಡತವನ್ನು ಲಗತ್ತಾಗಿ ಕಳುಹಿಸಲಾಗದ ಕಾರಣ ಅವಳು ಡ್ರೈವ್ ಕೊಂಡಿ ಕಳುಹಿಸಿದ್ದಳು. ಒತ್ತಿದರೆ ಅದು ಅನುಮತಿ ಕೇಳಿತು. ಅವಳು ಅನುಮತಿ ಕೊಡುವ ಹೊತ್ತಿಗೆ ಒಂದು ದಿನ ಕಳೆದಿತ್ತು. ನಾನು ಪರಿಚಯದವನಾದ್ದರಿಂದ ಕಾದೆ. ಒಂದೇ ಹುದ್ದೆಗೆ ಬಂದ ನೂರಾರು ಅರ್ಜಿಗಳನ್ನು ಸಂಜೆಯೊಳಗೆ ನೋಡಿ ಮುಗಿಸಬೇಕಾದವರು ಕಾಯುವುದಿಲ್ಲ, ಮುಂದಿನ ಅರ್ಜಿಗೆ ಹೋಗುತ್ತಾರೆ. ಕೊಂಡಿ ಕಳುಹಿಸುವ ಮುನ್ನ ನಿಮ್ಮ ಖಾತೆಯಿಂದ ಲಾಗೌಟ್ ಆಗಿ, ಅಥವಾ ಮನೆಯವರ ಫೋನಿನಲ್ಲಿ, ಅದು ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.

ತೆರೆದಾಗ ಮೊದಲು ಕಂಡದ್ದು ಕಾಲೇಜಿನ ಸ್ವಾತಂತ್ರ್ಯ ದಿನಾಚರಣೆಯ ಪೋಸ್ಟರ್. ಅದರ ಹಿಂದೆ ಕಾಲ್ಪನಿಕ ಕಾಫಿ ಅಂಗಡಿಯ ಲೋಗೊ, ಅಕ್ಕನ ಮದುವೆಯ ಆಮಂತ್ರಣ, ಹೆಸರಾಂತ ಮೊಬೈಲ್ ಕಂಪನಿಯೊಂದರ ಲೋಗೊವನ್ನು ಮತ್ತೆ ಬರೆದ ಅಭ್ಯಾಸ. 31ನೆಯ ಪುಟದಲ್ಲಿ ಒಂದು ಹುಣಸೆಹಣ್ಣಿನ ಪೊಟ್ಟಣವಿತ್ತು. ಅಂತರ್ಜಾಲದಿಂದ ಇಳಿಸಿಕೊಂಡ ಹೊಳೆಯುವ ಪೌಚ್ ಚಿತ್ರದ ಮೇಲೆ ಲೇಬಲ್ ಅಂಟಿಸಿ, ಹಿಂದೆ ಬೂದು ಬಣ್ಣ ಹಾಕಿ, ಕೆಳಗೆ "ಪ್ಯಾಕೇಜಿಂಗ್ ಡಿಸೈನ್" ಎಂದು ಮಾತ್ರ ಬರೆದಿದ್ದಳು. ಅದನ್ನೂ ಪುಟ ತಿರುಗಿಸಿ ಮುಂದೆ ಹೋದೆ. ಅದು ನಿಜವಾಗಿ ಅಚ್ಚಾಗಿ, ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಪೊಟ್ಟಣ ಎಂಬುದು ಫೋನಿನಲ್ಲಿ ಮಾತಾಡುವಾಗಷ್ಟೇ ತಿಳಿಯಿತು. 46 ಪುಟಗಳಲ್ಲಿ ಮೊದಲ ಪುಟಕ್ಕೆ ಬರಬೇಕಾಗಿದ್ದದ್ದು ಅದೊಂದೇ. ಅದು ನಿಜವಾದ ಕೆಲಸ ಎಂದು ನೋಡುವವನಿಗೆ ತಿಳಿಸುವ ಒಂದೇ ಒಂದು ಸಂಗತಿಯೂ ಆ ಪುಟದಲ್ಲಿ ಇರಲಿಲ್ಲ.

ಅವಳನ್ನು ಕೂರಿಸಿಕೊಂಡು ಆ ಪೊಟ್ಟಣದ ಕಥೆ ಕೇಳಿದೆ. ಅವಳ ಊರಿನ ಸ್ತ್ರೀಶಕ್ತಿ ಸಂಘದವರು ಹುಣಸೆಹಣ್ಣಿನ ಬೀಜ, ನಾರು ತೆಗೆದು ಅರ್ಧ ಕಿಲೋದ ಪೊಟ್ಟಣ ಮಾಡಿ ಮಾರುತ್ತಿದ್ದರು. ಹಳೆಯ ಲೇಬಲ್ಲಿನಲ್ಲಿ ಕಡುಗೆಂಪು ಹಿನ್ನೆಲೆಯ ಮೇಲೆ ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರಗಳು. ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿಗೆ ಅವು ಹೊಳೆಯುತ್ತಿದ್ದವೇ ಹೊರತು ಓದಲು ಬರುತ್ತಿರಲಿಲ್ಲ. ಬೀಜ ತೆಗೆದಿದ್ದರಿಂದಲೇ ಬೆಲೆ ಹೆಚ್ಚು, ಆದರೆ ಬೀಜ ತೆಗೆದಿದೆ ಎಂಬ ಮಾತು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿತ್ತು. ಇನ್ನೊಂದು ತೊಡಕನ್ನು ಅಂಗಡಿಯವರು ಹೇಳಿದ್ದರಂತೆ. ಹುಣಸೆಹಣ್ಣು ಸುಗ್ಗಿಯಲ್ಲಿ ಕೆಂಗಂದು ಬಣ್ಣದಲ್ಲಿದ್ದು, ಇಟ್ಟಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ಪಾರದರ್ಶಕ ಕವರಿನಲ್ಲಿ ಆ ಕಪ್ಪನ್ನು ನೋಡಿದವರು ಹಣ್ಣು ಕೆಟ್ಟಿದೆ ಎಂದುಕೊಂಡು ಪೊಟ್ಟಣವನ್ನು ವಾಪಸು ಇಡುತ್ತಿದ್ದರು.

ಸಂಘದವರ ಹತ್ತಿರ ಹಣ ಇದ್ದದ್ದು ಒಂದೇ ಬಣ್ಣದ ಸ್ಟಿಕರ್ ಅಚ್ಚಿಗೆ. ಒಂದು ಬಣ್ಣ ಎಂದ ಕೂಡಲೇ ಎಲ್ಲರ ಮನಸ್ಸು ಕಪ್ಪಿಗೆ, ಇಲ್ಲವೇ ಹುಣಸೆಯ ಕಂದಿಗೆ ಹೋಗುತ್ತದೆ. ಇವಳ ಮೊದಲ ಎರಡು ಕರಡುಗಳೂ ಹಾಗೆಯೇ ಇದ್ದವು. ಆದರೆ ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರದ ಗುರುತು ಇರಬೇಕು, ಹಸಿರು ಚೌಕಟ್ಟಿನೊಳಗಿನ ಆ ಬೊಟ್ಟು ಹಸಿರು ಬಣ್ಣದಲ್ಲೇ ಇರಬೇಕು. ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸುವುದಾದರೆ ಆ ಬಣ್ಣ ಹಸಿರಾಗದೆ ಬೇರೆ ದಾರಿಯಿಲ್ಲ. ಇದನ್ನು ಕಂಡುಕೊಂಡ ಹುಡುಗಿ ಇಡೀ ಲೇಬಲ್ಲನ್ನು ಕೆನೆಬಣ್ಣದ ಕಾಗದದ ಮೇಲೆ ಒಂದೇ ಹಸಿರಿನಲ್ಲಿ ಮಾಡಿದಳು. "ಬೀಜ ತೆಗೆದ ಹುಣಸೆಹಣ್ಣು" ಎಂಬ ಮಾತನ್ನು ಎರಡು ಸಾಲಿನಲ್ಲಿ, ನಾಲ್ಕು ಮಾರು ದೂರದಿಂದ ಓದುವಷ್ಟು ದಪ್ಪವಾಗಿ ಕೂರಿಸಿದಳು. ಲೇಬಲ್ಲು ಮುಂಭಾಗವನ್ನು ಪೂರ್ತಿ ಮುಚ್ಚುವಂತೆ ಅಳತೆ ಮಾಡಿ, ಹಣ್ಣು ಕಾಣುವ ಜಾಗವನ್ನು ಹಿಂಬದಿಗೆ ಸರಿಸಿದಳು.

ಈ ಯಾವ ಸಂಗತಿಯೂ 31ನೆಯ ಪುಟದಲ್ಲಿರಲಿಲ್ಲ. ಕೆಲಸ ಕೊಡುವವರು ತಿಳಿಯಬಯಸುವುದು ಇದನ್ನೇ. ಚಂದದ ಚಿತ್ರ ಮಾಡಲು ಬರುತ್ತದೆಯೇ ಎಂಬುದು ಅವರಿಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಹಣ, ಕಾನೂನು, ಅಂಗಡಿಯ ಬೆಳಕು, ಹಣ್ಣಿನ ಗುಣ ಇಷ್ಟೂ ಸೇರಿ ಕಟ್ಟಿಹಾಕಿದಾಗ ನೀವು ಏನನ್ನು ಆರಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ ಎಂಬುದು ಮುಗಿದ ಚಿತ್ರದಿಂದ ಗೊತ್ತಾಗುವುದಿಲ್ಲ. ಅದನ್ನು ನೀವೇ ತೋರಿಸಬೇಕು.

ಆ ಒಂದು ಪುಟವನ್ನು ನಾಲ್ಕು ಮಾಡಿದೆವು.

ಮೊದಲ ಪುಟಕ್ಕೆ ನಿಜವಾದ ಪೊಟ್ಟಣದ ಫೋಟೊ. ಇಳಿಸಿಕೊಂಡ ಹೊಳೆಯುವ ಪೌಚನ್ನು ತೆಗೆದುಹಾಕಿಸಿದೆ, ಏಕೆಂದರೆ ಆ ಪೌಚ್ ಚಿತ್ರ ಎಷ್ಟೋ ಜನರ ಪೋರ್ಟ್‌ಫೋಲಿಯೊದಲ್ಲಿ ಇರುತ್ತದೆ, ದಿನಾ ನೋಡುವವರಿಗೆ ಅದರ ಮಡಿಕೆಗಳೂ ಪರಿಚಿತ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜಿಟ್ಟು, ಬಿಳಿಯ ಡ್ರಾಯಿಂಗ್ ಶೀಟನ್ನು ಗೋಡೆಯಿಂದ ಮೇಜಿನವರೆಗೆ ಬಾಗಿಸಿ ಅಂಟಿಸಿ ಪೊಟ್ಟಣವನ್ನು ಅದರ ಮೇಲಿಟ್ಟೆವು. ಫೋನನ್ನು ತೀರಾ ಹತ್ತಿರ ಒಯ್ದರೆ ಪೊಟ್ಟಣದ ಅಂಚುಗಳು ಡೊಂಕಾಗಿ ಕಾಣುತ್ತವೆ. ಅದಕ್ಕಾಗಿ ಎರಡು ಹೆಜ್ಜೆ ಹಿಂದೆ ನಿಂತು ಎರಡರಷ್ಟು ಜೂಮ್ ಮಾಡಿ ತೆಗೆದೆವು. ಇನ್ನೊಂದು ಫೋಟೊವನ್ನು ಅಂಗಡಿಯ ಕಪಾಟಿನಲ್ಲಿ, ಬೇರೆ ಪೊಟ್ಟಣಗಳ ನಡುವೆ ಇದ್ದಂತೆಯೇ ತೆಗೆದಳು. ಅದರಲ್ಲಿ ಬೆಳಕು ಚೆನ್ನಾಗಿಲ್ಲ, ಪಕ್ಕದಲ್ಲಿ ಸಾರಿನ ಪುಡಿಯ ಡಬ್ಬವಿದೆ. ಆದರೂ ಅದನ್ನೇ ದೊಡ್ಡದಾಗಿ ಹಾಕಿಸಿದೆ. ಹಸಿರು ಅಕ್ಷರ ಕಪಾಟಿನಲ್ಲಿ ಎದ್ದು ಕಾಣುವುದನ್ನು ಬೂದು ಹಿನ್ನೆಲೆಯ ಚಿತ್ರ ಎಂದಿಗೂ ತೋರಿಸಲಾರದು.

ಎರಡನೆಯ ಪುಟಕ್ಕೆ ಹಳೆಯ ಲೇಬಲ್ಲು, ಅದರ ಪಕ್ಕದಲ್ಲಿ ನಾಲ್ಕು ವಾಕ್ಯ: ಕೆಲಸ ಕೊಟ್ಟವರು ಯಾರು, ತೊಡಕೇನು, ಹಣ ಮತ್ತು ಸಮಯ ಎಷ್ಟಿತ್ತು, ಅದರಲ್ಲಿ ತಾನು ಮಾಡಿದ್ದೆಷ್ಟು. ಈ ಕೊನೆಯ ವಾಕ್ಯವನ್ನು ಬಹಳ ಜನ ಬರೆಯುವುದಿಲ್ಲ. ಹಿಂಬದಿಯ ಮಾತುಗಳನ್ನು ಬರೆದುಕೊಟ್ಟವನು ಅವಳ ಸಹಪಾಠಿ. ಅಚ್ಚಿನ ಕಡತವನ್ನು ಕೋರಲ್ ಡ್ರಾದಲ್ಲಿ ಸಿದ್ಧಪಡಿಸಿದವರು ಮುದ್ರಣಾಲಯದವರು. ಎರಡನ್ನೂ ಹೇಳಿ, ವಿನ್ಯಾಸ ಮತ್ತು ಅಳತೆ ತನ್ನದು ಎಂದು ಬರೆದಳು. ಪಾಲು ಹೇಳಿಕೊಂಡರೆ ತನ್ನ ಕೆಲಸ ಚಿಕ್ಕದಾಗುತ್ತದೆ ಎಂದು ಅವಳು ಅಂಜಿದ್ದಳು. ಕಚೇರಿಗಳಲ್ಲಿ ಯಾರೂ ಒಬ್ಬರೇ ಕೆಲಸ ಮಾಡುವುದಿಲ್ಲವಾದ್ದರಿಂದ, ಎಲ್ಲವನ್ನೂ ತಾನೇ ಮಾಡಿದೆ ಎನ್ನುವ ಪೋರ್ಟ್‌ಫೋಲಿಯೊ ನೋಡಿದಾಗ ನಮಗೆ ಅನುಮಾನ ಬರುತ್ತದೆ.

ಮೂರನೆಯ ಪುಟಕ್ಕೆ ಕೈಬಿಟ್ಟ ಎರಡು ಕರಡುಗಳು. ಕಂದು ಬಣ್ಣದ್ದನ್ನು ಸಸ್ಯಾಹಾರದ ಗುರುತಿಗೆ ಎರಡನೆಯ ಬಣ್ಣ ಬೇಕಾಗುತ್ತಿದ್ದ ಕಾರಣ ಕೈಬಿಟ್ಟದ್ದು. ಹುಣಸೆ ಮರದ ಚಿತ್ರವಿದ್ದ ಇನ್ನೊಂದನ್ನು, ಚಿತ್ರ ಜಾಗ ತಿಂದು ಹೆಸರು ಸಣ್ಣದಾದ ಕಾರಣ ಕೈಬಿಟ್ಟದ್ದು. ಒಂದೊಂದಕ್ಕೆ ಒಂದೊಂದೇ ವಾಕ್ಯ. ಇಲ್ಲಿ ಒಂದು ಕಷ್ಟವಾಯಿತು. ಮರದ ಚಿತ್ರದ ಕರಡು ಅವಳ ಹತ್ತಿರ ಉಳಿದೇ ಇರಲಿಲ್ಲ, ಅದರ ಮೇಲೆಯೇ ತಿದ್ದುತ್ತಾ ಹೋಗಿದ್ದಳು. ವಾಟ್ಸ್ಆ್ಯಪ್‌ನಲ್ಲಿ ಸಂಘದ ಅಧ್ಯಕ್ಷೆಗೆ ಕಳುಹಿಸಿದ್ದ ಮಸುಕು ಚಿತ್ರವನ್ನು ಹುಡುಕಿ ತೆಗೆದಳು. ಇಂದಿನಿಂದ ಯಾವುದೇ ಕೆಲಸ ಹಿಡಿದರೂ ದಿನದ ಕೊನೆಯಲ್ಲಿ ಆ ದಿನದ ಕರಡನ್ನು ತಾರೀಖು ಹಾಕಿ ಬೇರೆಯಾಗಿ ಉಳಿಸಿ. ಪೋರ್ಟ್‌ಫೋಲಿಯೊದ ಅರ್ಧ ಕೆಲಸ ಅಲ್ಲಿಗೇ ಆಗಿರುತ್ತದೆ. ಬರೆಯುವವರಿಗೂ ಇದೇ ಮಾತು, ಮೊದಲ ಕರಡನ್ನು ಅಳಿಸಬೇಡಿ.

ನಾಲ್ಕನೆಯ ಪುಟಕ್ಕೆ ಅಚ್ಚಾದ ಲೇಬಲ್ಲಿನ ಪೂರ್ಣ ಚಿತ್ರ, ನಿಜವಾದ ಅಳತೆಯಲ್ಲಿ. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದವರ ವಿಳಾಸ, ತಿಂಗಳು ಮತ್ತು ವರ್ಷ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಸಂಖ್ಯೆ, ಗ್ರಾಹಕರು ದೂರು ಹೇಳಬೇಕಾದ ಫೋನ್ ಸಂಖ್ಯೆ ಎಲ್ಲವೂ ಅದರಲ್ಲಿದ್ದವು. ಮೊದಲಿನ ಪುಟದಲ್ಲಿ ಅವಳು ಇವುಗಳ ಜಾಗದಲ್ಲಿ ಅರ್ಥವಿಲ್ಲದ ಸಾಲುಗಳನ್ನು ತುಂಬಿದ್ದಳು. ಕಡ್ಡಾಯವಾದ ಸಣ್ಣ ಅಕ್ಷರಗಳಿಗೆ ಜಾಗ ಹೊಂದಿಸುವುದೇ ಪೊಟ್ಟಣ ವಿನ್ಯಾಸದಲ್ಲಿ ಕಷ್ಟದ ಭಾಗ, ಅದನ್ನೇ ಅಳಿಸಿಬಿಟ್ಟರೆ ಕಸಬು ಕಾಣುವುದು ಎಲ್ಲಿ? ಒಂದನ್ನು ಮಾತ್ರ ಮಸುಕು ಮಾಡಿಸಿದೆ. ಆ ಫೋನ್ ಸಂಖ್ಯೆ ಸಂಘದ ಅಧ್ಯಕ್ಷೆಯ ಸ್ವಂತದ್ದು. ಪೊಟ್ಟಣದ ಮೇಲೆ ಅದು ಇರಲೇಬೇಕು, ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಇರಬೇಕಾಗಿಲ್ಲ.

ಫಲವೇನಾಯಿತು ಎಂದು ಎಲ್ಲರೂ ಕೇಳುತ್ತಾರೆ. "ಮಾರಾಟ ಇಷ್ಟು ಪ್ರತಿಶತ ಏರಿತು" ಎಂಬ ಸಾಲನ್ನು ಅವಳು ಬರೆಯಲು ಹೊರಟಾಗ ಲೆಕ್ಕ ಎಲ್ಲಿದೆ ಎಂದು ಕೇಳಿದೆ. ಲೆಕ್ಕ ಇರಲಿಲ್ಲ. ಸಂಘದವರು ಮೊದಲ ಸಾವಿರ ಲೇಬಲ್ಲು ಮುಗಿದ ಮೇಲೆ ಎರಡು ಸಾವಿರ ಅಚ್ಚು ಹಾಕಿಸಿದ್ದರು, ಅದರ ಬಿಲ್ಲು ಇತ್ತು. ಆ ಮಾತನ್ನೇ ಹಾಗೆಯೇ ಬರೆದಳು. ಸಂದರ್ಶನದಲ್ಲಿ ಅದರ ಮೇಲೆ ಎರಡು ಪ್ರಶ್ನೆ ಬಂದರೂ ಅವಳು ತಡವರಿಸಬೇಕಾಗಿಲ್ಲ.

ಇನ್ನು ಬರೆಯುವವರಿಗೆ. ಅದೇ ಪೊಟ್ಟಣದ ಹಿಂಬದಿಯಲ್ಲಿ ಮಾತು ಬರೆದ ಹುಡುಗನ ಪೋರ್ಟ್‌ಫೋಲಿಯೊದಲ್ಲಿ ಪತ್ರಿಕೆಗಳಲ್ಲಿ ಬಂದ ಐದು ಲೇಖನಗಳ ಕತ್ತರಿಸಿದ ತುಣುಕುಗಳಿದ್ದವು, ಈ ಪೊಟ್ಟಣ ಇರಲಿಲ್ಲ. ಹದಿನಾಲ್ಕು ಪದಗಳ ಕೆಲಸವನ್ನು ಬರವಣಿಗೆ ಎಂದು ತೋರಿಸುವುದು ಹೇಗೆ ಎಂದು ಅವನಿಗೆ ಸಂಕೋಚ. ಹಳೆಯ ಲೇಬಲ್ಲಿನಲ್ಲಿ ಇದ್ದದ್ದರ ಅರ್ಥ ಹೀಗಿತ್ತು: "ನಮ್ಮ ಉತ್ಪನ್ನವು ಅತ್ಯುತ್ತಮ ಗುಣಮಟ್ಟದ ನೈಸರ್ಗಿಕ ಹುಣಸೆಹಣ್ಣಿನಿಂದ ತಯಾರಿಸಲ್ಪಟ್ಟಿದ್ದು ಗ್ರಾಹಕರ ಸಂಪೂರ್ಣ ತೃಪ್ತಿಯೇ ನಮ್ಮ ಧ್ಯೇಯವಾಗಿದೆ." ಅವನು ಸಂಘದ ಹೆಂಗಸರ ಜೊತೆ ಒಂದು ಮಧ್ಯಾಹ್ನ ಕೂತು, ಅಂಗಡಿಯವರನ್ನೂ ಕೇಳಿ ಬರೆದದ್ದು ಇದು: "ಬೀಜ, ನಾರು ತೆಗೆದಿದೆ. ನೆನೆಸಿ ಕಿವುಚಿದರೆ ಸಾಕು. ದಿನ ಕಳೆದಂತೆ ಬಣ್ಣ ಕಪ್ಪಾಗುವುದು ಹುಣಸೆಯ ಗುಣ, ಹಣ್ಣು ಕೆಟ್ಟಿರುವುದಿಲ್ಲ."

ಇವೆರಡನ್ನು ಅಕ್ಕಪಕ್ಕ ಇಟ್ಟು, ಮೂರನೆಯ ವಾಕ್ಯ ಏಕೆ ಬಂತು ಎಂದು ಎರಡು ಸಾಲು ಬರೆದರೆ ಅದು ಪೂರ್ತಿ ಮಾದರಿ. ಉತ್ಪನ್ನಗಳಿಗೆ, ಆ್ಯಪ್‌ಗಳಿಗೆ, ಆಸ್ಪತ್ರೆಯ ಸೂಚನಾ ಫಲಕಗಳಿಗೆ ಬರೆಯುವವರನ್ನು ಹುಡುಕುವ ಕಚೇರಿ ನೋಡುವುದು ಇದನ್ನು. ಪತ್ರಿಕೆಯ ಲೇಖನವನ್ನು ತೋರಿಸಬಾರದೆಂದಲ್ಲ. ತೋರಿಸುವಾಗ ಪುಟದ ಚಿತ್ರದ ಜೊತೆ ದಿನಾಂಕ, ಓದಬಹುದಾದ ಅಕ್ಷರದಲ್ಲಿ ಪೂರ್ತಿ ಲೇಖನ, ಮತ್ತು ಸಂಪಾದಕರು ಹೆಚ್ಚು ತಿದ್ದಿದ್ದರೆ ಆ ಮಾತು ಇರಲಿ. ಶೀರ್ಷಿಕೆ ಅವರು ಕೊಟ್ಟದ್ದಾಗಿದ್ದರೆ ಅದನ್ನು ನಿಮ್ಮದೆಂದು ಹೊಗಳಿಸಿಕೊಳ್ಳಬೇಡಿ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಇನ್ನೊಂದು ಅಪಾಯವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವಳ ಮೊದಲ ಪಿಡಿಎಫ್‌ನಲ್ಲಿ "ಸ್ತ್ರೀಶಕ್ತಿ" ಎಂಬ ಪದದ ಒತ್ತುಗಳು ಕೆಳಗೆ ಕೂರದೆ ಒಂದರ ಪಕ್ಕ ಒಂದು ನಿಂತಿದ್ದವು. ಲೇಬಲ್ಲಿನಲ್ಲಿ ಸರಿಯಾಗಿಯೇ ಇತ್ತು, ಪೋರ್ಟ್‌ಫೋಲಿಯೊಗಾಗಿ ಇನ್‌ಡಿಸೈನ್‌ನಲ್ಲಿ ಹೊಸದಾಗಿ ಟೈಪ್ ಮಾಡಿದ ವಿವರಣೆಯಲ್ಲಿ ಹೀಗಾಗಿತ್ತು. ಅಲ್ಲಿ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ `Adobe World-Ready Paragraph Composer` ಎಂಬುದನ್ನು ಆರಿಸಿಕೊಳ್ಳದಿದ್ದರೆ ಕನ್ನಡದ ಒತ್ತಕ್ಷರಗಳು ಚದುರುತ್ತವೆ. ಎರಡನೆಯ ಬಗೆಯ ಕೇಡು ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಿಂದ ಬರುತ್ತದೆ. ಮುದ್ರಣಾಲಯಗಳಲ್ಲಿ ಅವು ಇನ್ನೂ ಬಳಕೆಯಲ್ಲಿವೆ, ಕಾಗದದ ಮೇಲೆ ಚೆನ್ನಾಗಿಯೇ ಬರುತ್ತವೆ. ಆದರೆ ಅವು ಯುನಿಕೋಡ್ ಅಲ್ಲದ ಸಂಕೇತಗಳಾದ್ದರಿಂದ, ಓದುವವರು ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಬರಹಗಾರರ ಮಾದರಿಗೆ ಇದು ದೊಡ್ಡ ಏಟು. ವಿವರಣೆ ಮತ್ತು ಲೇಖನಗಳನ್ನು ಯುನಿಕೋಡ್‌ನಲ್ಲಿಯೇ ಬರೆಯಿರಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಎಂಬ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಪಿಡಿಎಫ್ ಸಿದ್ಧವಾದ ಮೇಲೆ, ಆ ಅಕ್ಷರಶೈಲಿ ಇಲ್ಲದ ಒಂದು ಫೋನಿನಲ್ಲಿ ತೆರೆದು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ. ಕಣ್ಣು ದಾಟಿಸಿದ ತಪ್ಪನ್ನು ನಾಲಿಗೆ ಹಿಡಿಯುತ್ತದೆ.

ಈ ಮಾದರಿಯನ್ನು ತೋರಿಸುವ ಹಕ್ಕು ನಮಗಿದೆಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರಿಯಲ್ಲಿದ್ದು ಆ ಕೆಲಸದ ಭಾಗವಾಗಿ ಮಾಡಿದ್ದರ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ಸ್ವತಂತ್ರವಾಗಿ ಮಾಡಿದ ಬರಹದ ಒಡೆತನ ಸಾಮಾನ್ಯವಾಗಿ ಬರೆದವರದ್ದು, ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಸಹಿ ಮಾಡಿದ ಬರವಣಿಗೆ ಬೇಕು. ಹಣ ಪಡೆದು ಬೇರೆಯವರಿಗಾಗಿ ತೆಗೆದ ಫೋಟೊ, ಬರೆದುಕೊಟ್ಟ ವರ್ಣಚಿತ್ರ ಮುಂತಾದ ಕೆಲವು ಕೆಲಸಗಳ ವಿಷಯದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಒಡೆತನ ಮಾಡಿಸಿಕೊಂಡವರಿಗೆ ಹೋಗುತ್ತದೆ. ಆದರೆ ಕಾಯ್ದೆಯ ಪುಸ್ತಕ ತೆರೆಯುವ ಹಂತಕ್ಕೆ ಹೋಗುವುದೇ ಬೇಡ. ದರ ಹೇಳುವ ಸಂದೇಶದಲ್ಲಿಯೇ "ಅಚ್ಚಾದ ಮೇಲೆ ಇದನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸುತ್ತೇನೆ, ಒಪ್ಪಿಗೆ ತಿಳಿಸಿ" ಎಂದು ಬರೆಯಿರಿ. ಸಂಘದ ಅಧ್ಯಕ್ಷೆ "ಆಗಲಮ್ಮ, ತೋರಿಸು" ಎಂದು ಕಳುಹಿಸಿದ ಉತ್ತರವನ್ನು ಅವಳು ಇಟ್ಟುಕೊಂಡಿದ್ದಾಳೆ. ಕಚೇರಿಯಲ್ಲಿ ಇರುವವರು, ಬಿಡುವ ದಿನ ಕಡತಗಳನ್ನು ಪೆನ್‌ಡ್ರೈವಿಗೆ ತುಂಬಿಕೊಳ್ಳದೆ, ಹೊರಗೆ ಪ್ರಕಟವಾದದ್ದನ್ನು ಮಾತ್ರ ಅನುಮತಿ ಕೇಳಿ ತೋರಿಸಬೇಕು.

ಫ್ರೀಲಾನ್ಸ್‌ಗೂ ನೌಕರಿಗೂ ಎರಡು ಪೋರ್ಟ್‌ಫೋಲಿಯೊ ಬೇಕೇ ಎಂದು ಸಭೆಯಿಂದ ಒಬ್ಬರು ಕೇಳಿದರು. ಮಾದರಿಗಳು ಅವೇ ಇರಲಿ, ಜೋಡಿಸುವ ಕ್ರಮ ಬೇರೆ. ಇಲ್ಲಿನ ಎಣ್ಣೆ ಗಾಣದವರೋ ತಿಪಟೂರಿನ ಕೊಬ್ಬರಿ ವ್ಯಾಪಾರಿಯೋ ನಿಮ್ಮ ಕೆಲಸವನ್ನು ನೋಡುವುದು ವಾಟ್ಸ್ಆ್ಯಪ್‌ನಲ್ಲಿ, ಗಿರಾಕಿಗಳ ನಡುವೆ. ಅವರಿಗೆ ಕಪಾಟಿನ ಫೋಟೊ, ಎಷ್ಟು ದಿನ ಹಿಡಿಯಿತು, ಎಷ್ಟು ಸಲ ತಿದ್ದಿಕೊಟ್ಟಿರಿ, ಅಚ್ಚಿನ ಕಡತ ಕೈಗೆ ಸಿಗುತ್ತದೆಯೇ ಎಂಬುದು ಮೊದಲು ಕಾಣಬೇಕು. ಕೈಬಿಟ್ಟ ಕರಡುಗಳಿಂದ ಅವರಿಗೆ ಉಪಯೋಗವಿಲ್ಲ. ನೌಕರಿ ಕೊಡುವ ಕಚೇರಿಗೆ ಆ ಕರಡುಗಳೇ ಮುಖ್ಯ, ಜೊತೆಗೆ ಯಾರ ಜೊತೆ ಹೇಗೆ ಕೆಲಸ ಮಾಡಿದಿರಿ ಎಂಬುದು. ಎರಡಕ್ಕೂ ನಾಲ್ಕೈದು ಮಾದರಿ ಸಾಕು, ಗಟ್ಟಿಯಾದದ್ದು ಮೊದಲು.

ನಿಜವಾದ ಕೆಲಸವೇ ಸಿಕ್ಕಿಲ್ಲದವರು ಏನು ಮಾಡಬೇಕು ಎಂಬುದು ಮತ್ತೊಬ್ಬರ ಪ್ರಶ್ನೆ. ಹೆಸರಾಂತ ಕಂಪನಿಯ ಲೋಗೊ ತಿದ್ದುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ನಿಮ್ಮನ್ನು ಕಟ್ಟಿಹಾಕುವುದು ಏನೂ ಇಲ್ಲ. ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದ ನೀರಿನ ತೆರಿಗೆಯ ನೋಟಿಸನ್ನು ತೆಗೆದುಕೊಳ್ಳಿ. ಅದೇ ಕಾಗದ, ಅದೇ ಕಪ್ಪು ಶಾಯಿ, ಅದೇ ಸಂಗತಿ ಇಟ್ಟುಕೊಂಡು ಮತ್ತೆ ಬರೆಯಿರಿ, ಮತ್ತೆ ಜೋಡಿಸಿ. ಹಳೆಯದನ್ನೂ ಹೊಸದನ್ನೂ ಊರಿನ ಐದು ಜನರಿಗೆ ಕೊಟ್ಟು ಕೊನೆಯ ದಿನ ಯಾವುದು, ಎಲ್ಲಿ ಕಟ್ಟಬೇಕು ಎಂದು ಕೇಳಿ, ಅವರು ಎಲ್ಲಿ ತಡೆದರು ಎಂದು ಬರೆದುಕೊಳ್ಳಿ. ಪುಟದ ಮೇಲೆ "ಸ್ವಂತ ಅಭ್ಯಾಸ, ಪಂಚಾಯಿತಿ ಕೊಟ್ಟ ಕೆಲಸವಲ್ಲ" ಎಂದು ಸ್ಪಷ್ಟವಾಗಿ ಇರಲಿ.

ಆ ಹುಡುಗಿಯ ಪೋರ್ಟ್‌ಫೋಲಿಯೊ ಈಗ 14 ಪುಟ, 6 ಎಂಬಿ. ಹುಣಸೆಹಣ್ಣಿನ ಪೊಟ್ಟಣ ಮೊದಲಿದೆ. ಇತ್ತೀಚೆಗೆ ಅದಕ್ಕೆ ಅರ್ಧ ಪುಟ ಸೇರಿಸಿದ್ದಾಳೆ. ಮೊದಲ ಅಚ್ಚಿನ ಲೇಬಲ್ಲಿಗೆ ನುಣುಪು ಲೇಪನವಿದ್ದುದರಿಂದ, ತಿಂಗಳು ಮತ್ತು ಬೆಲೆಯನ್ನು ರಬ್ಬರ್ ಸ್ಟ್ಯಾಂಪಿನಲ್ಲಿ ಒತ್ತಿದಾಗ ಶಾಯಿ ಒಣಗದೆ ಬೆರಳಿಗೆ ಹತ್ತಿಕೊಂಡು ಅಂಕಿಗಳು ಅಳಿಸಿಹೋಗುತ್ತಿದ್ದವಂತೆ. ಅದು ಅವಳದೇ ತಪ್ಪು, ಅಚ್ಚಿನ ಮುಂಚೆ ಸ್ಟ್ಯಾಂಪು ಒತ್ತಿ ನೋಡಿರಲಿಲ್ಲ. ಎರಡನೆಯ ಅಚ್ಚಿಗೆ ಲೇಪನವಿಲ್ಲದ ಕಾಗದ ತೆಗೆದುಕೊಂಡು, ಸ್ಟ್ಯಾಂಪಿನ ಅಳತೆಗೆ ಖಾಲಿ ಚೌಕ ಬಿಟ್ಟಳು. ಹರಡಿಹೋದ ಅಂಕಿಗಳ ಹಳೆಯ ಲೇಬಲ್ಲಿನ ಪಕ್ಕದಲ್ಲಿ ಆ ಚೌಕದ ಫೋಟೊ ಇದೆ. ಕಳೆದ ಸಂದರ್ಶನದಲ್ಲಿ ಅವಳೊಡನೆ ಮಾತು ಹೆಚ್ಚು ಹೊತ್ತು ನಡೆದದ್ದು ಆ ಅರ್ಧ ಪುಟದ ಮೇಲೆಯೇ.